ಒಡಲು ನಮ್ಮದು, ಉಸಿರು ಯಾರದು?

1961ನೆಯ ಇಸವಿ ಜೂನ್ 17ರಂದು ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಓಟದ ಹಾದಿಯಿಂದ, ಅದುವರೆಗೆ ಜಗತ್ತಿನಲ್ಲಿ ಯಾರೂ ಕಂಡಿರದ ಒಂದು ವಿಮಾನ ಮೇಲೆದ್ದಿತು. ಉದ್ದನೆಯ ಮೂತಿ, ಹಿಂದಕ್ಕೆ ವಾಲಿದ ರೆಕ್ಕೆ; ನೋಡಿದವರು ಮತ್ತೊಮ್ಮೆ ತಿರುಗಿ ನೋಡುವಂತಹ ಚೆಲುವು. ಅದನ್ನು ಹಾರಿಸಿದವರು ಸುರಂಜನ್ ದಾಸ್. ವಿಮಾನದ ಹೆಸರು ಮಾರುತ. ಯೂರೋಪಿನ ಹೊರಗೆ, ಬಲಿಷ್ಠ ರಾಷ್ಟ್ರಗಳ ಪಂಕ್ತಿಯ ಆಚೆಗಿನ ಒಂದು ದೇಶ ತಾನೇ ವಿನ್ಯಾಸಗೊಳಿಸಿ ಕಟ್ಟಿದ ಜೆಟ್ ಯುದ್ಧವಿಮಾನಗಳು ಆಗ ಬೆರಳೆಣಿಕೆಯಷ್ಟು. ಶಬ್ದದ ವೇಗವನ್ನು ಮೀರಿ ಹಾರಬೇಕೆಂಬುದೇ ಅದರ ಹುಟ್ಟಿನ ಉದ್ದೇಶವಾಗಿತ್ತು. ಆದರೆ ಸೇವೆಗೆ ಬಂದ ಮಾರುತಗಳು ಸಮಮಟ್ಟದ ಹಾರಾಟದಲ್ಲಿ ಆ ಗೆರೆಯನ್ನು ದಾಟಲೇ ಇಲ್ಲ.

ಹೀಗೇಕಾಯಿತು? ಪರದೇಶದಿಂದ ಆಯುಧ ಕೊಳ್ಳುವ ಹಂಗನ್ನು ತೊರೆದು ಸ್ವಂತ ಶಸ್ತ್ರೋದ್ಯಮವನ್ನು ಕಟ್ಟಿಕೊಳ್ಳಬೇಕೆನ್ನುವ ಯಾವ ದೇಶಕ್ಕಾದರೂ ಈ ಪ್ರಶ್ನೆಯ ಉತ್ತರದಲ್ಲಿ ಒಂದು ಪೂರ್ತಿ ಪಾಠವಿದೆ. ಆ ಪಾಠ ನಡೆದದ್ದು ಬಹುಮಟ್ಟಿಗೆ ನಮ್ಮ ಬೆಂಗಳೂರಿನಲ್ಲಿಯೇ ಎಂಬುದರಿಂದ ಅದನ್ನು ನಾವು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ರಿಪೇರಿಯಿಂದ ಆರಂಭ

ಆಯುಧಗಳನ್ನು ತಯಾರಿಸುವ ದೇಶಗಳೆಲ್ಲವೂ ಸಾಮಾನ್ಯವಾಗಿ ಒಂದೇ ಏಣಿಯನ್ನು ಹತ್ತುತ್ತವೆ. ಮೊದಲ ಮೆಟ್ಟಿಲು ರಿಪೇರಿ. ಎರಡನೆಯದು ಹೊರಗಿನಿಂದ ಬಂದ ಭಾಗಗಳ ಜೋಡಣೆ. ಮೂರನೆಯದು ಪರವಾನಗಿ ಪಡೆದು ಆ ಭಾಗಗಳನ್ನೇ ಇಲ್ಲಿ ಮಾಡುವುದು. ನಾಲ್ಕನೆಯದು ಸ್ವಂತ ವಿನ್ಯಾಸ. ಬೆಂಗಳೂರು ಈ ಏಣಿಗೆ ಕಾಲಿಟ್ಟದ್ದು 1940ರ ಡಿಸೆಂಬರಿನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮರುವರ್ಷವೇ ಹಾರ್ಲೋ ಎಂಬ ಅಮೆರಿಕನ್ ಮಾದರಿಯ ತರಬೇತಿ ವಿಮಾನ ಇಲ್ಲಿಂದ ಹಾರಿತು. ಅಷ್ಟರಲ್ಲಿ ಯುದ್ಧ ಪೂರ್ವಕ್ಕೆ ಹಬ್ಬಿತು. ತಯಾರಿಕೆಯ ಕನಸು ಬದಿಗೆ ಸರಿದು, ಪೆಟ್ಟುತಿಂದ ವಿಮಾನಗಳನ್ನು ಸರಿಪಡಿಸುವುದೇ ಕಾರ್ಖಾನೆಯ ಕೆಲಸವಾಯಿತು. ನೀರಿನ ಮೇಲೆ ಇಳಿಯಬಲ್ಲ ಕಟಲೀನಾ ವಿಮಾನಗಳು ರಿಪೇರಿಗಾಗಿ ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು! ಈಗ ಆ ಕೆರೆಯ ಸ್ಥಿತಿಯನ್ನು ಬಲ್ಲವರಿಗೆ ಇದು ಪುರಾಣದ ಮಾತಿನಂತೆ ಕೇಳಿಸೀತು.

ರಿಪೇರಿಯನ್ನು ಯಾರೂ ಕೀಳೆಂದು ತಿಳಿಯಬೇಕಾಗಿಲ್ಲ. ಬಿಚ್ಚಿ ಮತ್ತೆ ಜೋಡಿಸುವ ಕೈಗಳೇ ಮುಂದೆ ಕಟ್ಟುವ ಕೈಗಳಾಗುವುದು. ಡಾ. ವಿ. ಎಂ. ಘಾಟಗೆಯವರ ತಂಡ ವಿನ್ಯಾಸಗೊಳಿಸಿದ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿದ್ದು ಈ ಕೈಗಳ ಬಲದಿಂದ. ಜೊತೆಜೊತೆಗೆ ಬ್ರಿಟನ್ನಿನ ವ್ಯಾಂಪೈರ್ ಜೆಟ್ಟುಗಳನ್ನೂ, ಆಮೇಲೆ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನವನ್ನೂ, ಅದಕ್ಕೆ ಬೇಕಾದ ಆರ್ಫಿಯಸ್ ಎಂಜಿನನ್ನೂ ಪರವಾನಗಿಯ ಮೇಲೆ ತಯಾರಿಸತೊಡಗಿದರು.

ಪರವಾನಗಿಯೆಂದರೆ ಏನೆಂಬುದನ್ನು ಇಲ್ಲಿ ನಿಂತು ನೋಡಬೇಕು. ನೆರೆಮನೆಯಾಕೆ ಮೈಸೂರುಪಾಕನ್ನು ಮಾಡುವ ಕ್ರಮವನ್ನು ಬರೆದುಕೊಟ್ಟಳೆನ್ನೋಣ. ಕಡಲೆಹಿಟ್ಟು ಇಷ್ಟು, ಸಕ್ಕರೆ ಇಷ್ಟು, ತುಪ್ಪ ಇಷ್ಟು. ಬರೆದಂತೆ ಮಾಡಿದರೆ ಒಂದು ದಿನ ಚೆನ್ನಾಗಿಯೂ ಬಂದೀತು. ಆದರೆ ಪಾಕ ಒಂದೆಳೆಯಾದಾಗಲೇ ಹಿಟ್ಟು ಹಾಕಬೇಕು ಏಕೆ, ತುಪ್ಪವನ್ನು ಕಾಯಿಸಿಯೇ ಹೊಯ್ಯಬೇಕು ಏಕೆ, ಎಂಬ ಹದ ಆ ಚೀಟಿಯಲ್ಲಿರುವುದಿಲ್ಲ. ಮೈಸೂರುಪಾಕು ಕಲ್ಲಾದ ದಿನ ಚೀಟಿ ನಮ್ಮ ನೆರವಿಗೆ ಬಾರದು. ಎಂಜಿನಿನ ಪರವಾನಗಿಯೂ ಹಾಗೆಯೇ. ಪ್ರತಿಯೊಂದು ಭಾಗದ ಚಿತ್ರ, ಅಳತೆ, ಕೊರೆಯುವ ಕ್ರಮ ಎಲ್ಲವೂ ಬರುತ್ತವೆ. ಆದರೆ ಆ ಅಳತೆಯನ್ನು ಏಕೆ ಆರಿಸಿದರು, ಅದಕ್ಕೆ ಮೊದಲು ಎಷ್ಟು ಅಳತೆಗಳು ಪರೀಕ್ಷೆಯಲ್ಲಿ ಮುರಿದುಬಿದ್ದವು, ಎಂಬ ಕಡತ ಮೂಲ ಸಂಸ್ಥೆಯ ಬೀರುವಿನಲ್ಲಿಯೇ ಉಳಿಯುತ್ತದೆ. ವರ್ಷಗಟ್ಟಲೆ ಒಂದು ಎಂಜಿನನ್ನು ತಯಾರಿಸಿದ ಕಾರ್ಖಾನೆ, ಅದರ ಶಕ್ತಿಯನ್ನು ಹೆಚ್ಚಿಸಬೇಕಾಗಿ ಬಂದಾಗ ಕೈಕಟ್ಟಿ ನಿಲ್ಲುವುದು ಇದರಿಂದಾಗಿ.

ಟ್ಯಾಂಕ್ ಮಹಾಶಯರ ವಿಮಾನ

ಮಾರುತದ ವಿನ್ಯಾಸಕ್ಕೆ ಭಾರತ ಸರ್ಕಾರ ಕರೆಸಿದ್ದು ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಪಂಡಿತರನ್ನು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಫೋಕೆವುಲ್ಫ್-190 ವಿಮಾನ ಅವರ ಸೃಷ್ಟಿ. ಯುದ್ಧಾನಂತರ ಅರ್ಜೆಂಟೀನಕ್ಕೆ ಹೋಗಿ ಅಲ್ಲಿಯೂ ಒಂದು ಜೆಟ್ಟನ್ನು ಕಟ್ಟಿ, 1956ರಲ್ಲಿ ತಮ್ಮ ಕೆಲವು ಸಹೋದ್ಯೋಗಿಗಳೊಡನೆ ಬೆಂಗಳೂರಿಗೆ ಬಂದರು. ಇಲ್ಲಿ ಅವರಿಗೆ ದೊರೆತದ್ದು ಉತ್ಸಾಹಿ ಯುವಕರ ದಂಡು. ದೊರೆಯದೆಹೋದದ್ದು ಪರೀಕ್ಷೆಯ ಸಲಕರಣೆ. ಆದ್ದರಿಂದ ಅವರು ಒಂದು ಸುಂದರವಾದ ಉಪಾಯ ಹೂಡಿದರು. ಮಾರುತದ ಪೂರ್ಣಪ್ರಮಾಣದ ಆಕೃತಿಯನ್ನು ಮರದಲ್ಲಿ ಕಟ್ಟಿಸಿ, ಎಂಜಿನಿಲ್ಲದ ಆ ಗ್ಲೈಡರನ್ನು ಡಕೋಟ ವಿಮಾನದ ಹಿಂದೆ ಹಗ್ಗದಿಂದ ಎಳೆಯಿಸಿ ಮೇಲಕ್ಕೊಯ್ದು ಬಿಡಿಸಿದರು. ಲೋಹವನ್ನು ಕತ್ತರಿಸುವುದಕ್ಕೆ ಮೊದಲೇ, 1959ರಲ್ಲಿ, ರೆಕ್ಕೆಯ ಗುಣದೋಷಗಳು ಹೀಗೆ ಗೊತ್ತಾದವು. ಎರಡು ವರ್ಷಗಳಲ್ಲಿ ನಿಜವಾದ ವಿಮಾನವೇ ಹಾರಿತು.

ಒಡಲು ಸಿದ್ಧವಾಯಿತು, ಉಸಿರು? ಮಾರುತವನ್ನು ಯೋಜಿಸಿದ್ದು ಬ್ರಿಸ್ಟಲ್ ಕಂಪೆನಿಯ ಆರ್ಫಿಯಸ್-12 ಎಂಬ ಎಂಜಿನಿಗಾಗಿ. ಅಂಥವು ಎರಡು ಬೇಕಿತ್ತು. ರೀಹೀಟ್, ಎಂದರೆ ಹಿಂಬದಿಯ ಕೊಳವೆಯಲ್ಲಿ ಮತ್ತೊಮ್ಮೆ ಇಂಧನವನ್ನುರಿಸಿ ಬಲ ಹೆಚ್ಚಿಸುವ ಏರ್ಪಾಡು ಸೇರಿ, ಒಂದೊಂದೂ ಸುಮಾರು 3,700 ಕಿಲೋಗ್ರಾಮಿನ ನೂಕುಬಲ ಕೊಡಬೇಕಿತ್ತು. ಆದರೆ ಆ ಎಂಜಿನ್ ಇನ್ನೂ ಕಾಗದದಿಂದ ಪೂರ್ತಿ ಕೆಳಗಿಳಿದಿರಲಿಲ್ಲ. ಅದನ್ನು ಬೆಳೆಸಲು ಹಣ ಕೊಡುತ್ತಿದ್ದ ಪಾಶ್ಚಾತ್ಯರು ತಮಗೆ ಬೇಡವೆಂದು ಕೈ ಬಿಟ್ಟರು. ಮುಂದಿನ ಖರ್ಚನ್ನು ನೀವು ಭರಿಸಿದರೆ ಎಂಜಿನ್ ಮುಗಿಸುತ್ತೇವೆ ಎಂದು ಕಂಪೆನಿ ಭಾರತವನ್ನು ಕೇಳಿತು. ನಮ್ಮವರು ಒಪ್ಪಲಿಲ್ಲ. ವಿದೇಶಿ ವಿನಿಮಯಕ್ಕೆ ಅಭಾವವಿದ್ದ ಕಾಲ. ಹಣಕಾಸಿನವರ ಕಷ್ಟ ಅರ್ಥವಾಗುವಂಥದೇ. ಆದರೂ ಇದೊಂದು ತುಟ್ಟಿಯಾದ ಉಳಿತಾಯವೆಂದೇ ನನ್ನ ಅಭಿಪ್ರಾಯ.

ಉಳಿದದ್ದು ನ್ಯಾಟ್ ವಿಮಾನದ ಸೋದರ ಎಂಜಿನ್ ಆರ್ಫಿಯಸ್-703. ಅದು ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು, ನಿಜ. ಆದರೆ ಅದರ ನೂಕುಬಲ 2,200 ಕಿಲೋಗ್ರಾಮ್ ಮಾತ್ರ. ಜೋಡೆತ್ತಿನ ಗಾಡಿಗೆ ಎರಡು ಕರುಗಳನ್ನು ಹೂಡಿದ ಹಾಗಾಯಿತು. ಬದಲಿ ಎಂಜಿನಿಗಾಗಿ ಅಲೆದಾಟ ನಡೆಯಿತು. ರಷ್ಯದ ಒಂದು ಎಂಜಿನನ್ನು ಪರೀಕ್ಷಿಸಿ ನೋಡಿದರು, ಒಗ್ಗಲಿಲ್ಲ. ಈಜಿಪ್ಟಿನಲ್ಲಿ ಆಸ್ಟ್ರಿಯದ ಬ್ರಾಂಡ್ನರ್ ಎಂಬವರು ಒಂದು ಹೊಸ ಎಂಜಿನನ್ನು ಕಟ್ಟುತ್ತಿದ್ದರು. ಅದಕ್ಕೆ ತಕ್ಕ ವಿಮಾನ ಅಲ್ಲಿರಲಿಲ್ಲ, ವಿಮಾನವಿದ್ದ ನಮ್ಮಲ್ಲಿ ಎಂಜಿನಿರಲಿಲ್ಲ. ವಧೂವರರ ಜಾತಕ ಕೂಡಿತೆಂದು ಒಂದು ಮಾರುತವನ್ನು ಅಲ್ಲಿಗೆ ಕಳುಹಿಸಿ, 1967ರಲ್ಲಿ ಅದಕ್ಕೆ ಈಜಿಪ್ಟಿನ ಎಂಜಿನ್ ಒಂದನ್ನು ಜೋಡಿಸಿ ಹಾರಿಸಿದರು. ಆ ವರ್ಷವೇ ಅರಬ್-ಇಸ್ರೇಲಿ ಯುದ್ಧ. ಮುಂದೆ ಈಜಿಪ್ಟ್ ಆ ಯೋಜನೆಯನ್ನೇ ನಿಲ್ಲಿಸಿತು. ಕೊನೆಗೆ ಬೆಂಗಳೂರಿನ ಎಂಜಿನಿಯರರು ಆರ್ಫಿಯಸ್-703ಕ್ಕೇ ರೀಹೀಟ್ ಅಳವಡಿಸಲು ಹೊರಟರು. ಅಂಥ ಒಂದು ಮಾರುತ 1970ರ ಜನವರಿ 10ರಂದು ಮೇಲೇಳುತ್ತಿದ್ದಂತೆಯೇ ಬಿದ್ದು, ಮೊಟ್ಟಮೊದಲ ಮಾರುತವನ್ನು ಹಾರಿಸಿದ ಸುರಂಜನ್ ದಾಸರೇ ಅದರಲ್ಲಿ ಪ್ರಾಣ ಕಳೆದುಕೊಂಡರು. ಬೆಂಗಳೂರಿನ ಒಂದು ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಬಸ್ಸಿನಲ್ಲಿ ಅಲ್ಲಿ ಇಳಿಯುವವರಲ್ಲಿ ಎಷ್ಟು ಜನಕ್ಕೆ ಅವರ ಕಥೆ ಗೊತ್ತೋ!

ಮಾರುತವನ್ನು ನಿಷ್ಪ್ರಯೋಜಕವೆಂದರೆ ಅನ್ಯಾಯವಾದೀತು. ಸುಮಾರು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಳಮಟ್ಟದಲ್ಲಿ ಹಾರಿ ಶತ್ರುವಿನ ನೆಲದ ಪಡೆಗಳ ಮೇಲೆ ಎರಗಿದವು. ಒಂದು ಎಂಜಿನ್ ಕೆಟ್ಟರೆ ಇನ್ನೊಂದರ ಮೇಲೆ ಮನೆ ಸೇರುತ್ತಿದ್ದವು. ಆದರೆ ಬೆಳೆಯಲು ಅವಕ್ಕೆ ಎಡೆಯಿರಲಿಲ್ಲ. 1990ರ ವೇಳೆಗೆ ಅವು ವಾಯುಪಡೆಯಿಂದ ಮರೆಯಾದವು.

ಒಂದು ಅಲಗಿನ ಕಥೆ

ವಿಮಾನವನ್ನೇ ಕಟ್ಟಿದವರಿಗೆ ಎಂಜಿನ್ ಅಷ್ಟೊಂದು ಕಷ್ಟವೇಕೆಂದು ವಾಚಕರು ಕೇಳಬಹುದು. ಜೆಟ್ ಎಂಜಿನಿನ ತತ್ತ್ವವೇನೋ ಶಾಲೆಯ ಮಕ್ಕಳಿಗೂ ತಿಳಿಯುವಂಥದು: ಗಾಳಿಯನ್ನು ಒಳಗೆಳೆ, ಒತ್ತು, ಇಂಧನ ಸುರಿದು ಉರಿಸು, ಹಿಂದಕ್ಕೆ ಚಿಮ್ಮಿಸು. ಆದರೆ ಉರಿದ ಅನಿಲ ಹೊರಹೋಗುವ ದಾರಿಯಲ್ಲಿ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸಿ ಹೋಗಬೇಕು. ಮುಂದೆ ಗಾಳಿಯನ್ನು ಒತ್ತುವ ಯಂತ್ರಕ್ಕೆ ಬಲ ಬರುವುದು ಅದರಿಂದ. ಈ ಚಕ್ರದ ಅಂಚಿಗೆ ಹೆಬ್ಬೆರಳಿನಷ್ಟು ಉದ್ದದ ಅಲಗುಗಳನ್ನು ಸಾಲಾಗಿ ಸಿಕ್ಕಿಸಿರುತ್ತಾರೆ. ಇಂದಿನ ಯುದ್ಧವಿಮಾನದ ಎಂಜಿನಿನಲ್ಲಿ ಅವುಗಳಿಗೆ ಬಡಿಯುವ ಅನಿಲದ ಶಾಖ 1,400 ಡಿಗ್ರಿಗೂ ಮೇಲೆ. ಅಲಗನ್ನು ಮಾಡಿರುವ ನಿಕ್ಕಲಿನ ಮಿಶ್ರಲೋಹವಾದರೋ 1,350 ಡಿಗ್ರಿಯ ಆಸುಪಾಸಿನಲ್ಲೇ ಕರಗಿಹೋಗುತ್ತದೆ! ಕರಗುವ ಬಿಸಿಯನ್ನೂ ಮೀರಿದ ಬೆಂಕಿಯಲ್ಲಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ, ಕೆಲವು ಟನ್ನುಗಳ ಸೆಳೆತವನ್ನು ತಾಳಿಕೊಂಡು ಆ ಅಲಗು ನೂರಾರು ಗಂಟೆ ಬಾಳಬೇಕು.

ಇದನ್ನು ಸಾಧಿಸುವ ವಿದ್ಯೆಯ ಮೊದಲರ್ಧ ನಮ್ಮ ವಿಗ್ರಹದ ಶಿಲ್ಪಿಗಳಿಗೆ ಶತಮಾನಗಳಿಂದ ಗೊತ್ತಿದ್ದದ್ದೇ. ಪಂಚಲೋಹದ ಮೂರ್ತಿಗೆ ಮಾಡುವಂತೆ ಅಲಗಿನ ಆಕೃತಿಯನ್ನು ಮೊದಲು ಮೇಣದಲ್ಲಿ ಮಾಡುತ್ತಾರೆ. ಮೇಣದ ಒಳಗೆ ಪಿಂಗಾಣಿಯಂತಹ ಒಂದು ಅಂಕುಡೊಂಕಾದ ಎಳೆಯಿರುತ್ತದೆ. ಹೊರಗೆ ಪದರ ಪದರವಾಗಿ ನುಣುಪಾದ ಪಿಂಗಾಣಿಯ ಕವಚ ಕಟ್ಟಿ, ಮೇಣವನ್ನು ಕರಗಿಸಿ ತೆಗೆದು, ಆ ಟೊಳ್ಳಿನಲ್ಲಿ ಲೋಹವನ್ನು ಎರೆಯುತ್ತಾರೆ. ಒಳಗಿನ ಎಳೆಯನ್ನು ಕೊನೆಗೆ ಕ್ಷಾರದಿಂದ ಕರಗಿಸಿದರೆ ಅಲಗಿನ ಹೊಟ್ಟೆಯಲ್ಲಿ ಸೂಕ್ಷ್ಮವಾದ ಕಾಲುವೆಗಳು ಉಳಿಯುತ್ತವೆ. ಎಂಜಿನಿನ ಮುಂಭಾಗದ ತಂಪುಗಾಳಿ ಈ ಕಾಲುವೆಗಳಲ್ಲಿ ಹರಿದು, ಅಲಗಿನ ಮೈಮೇಲೆ ಕೊರೆದ ರಂಧ್ರಗಳಿಂದ ಹೊರಬಂದು, ಬೆಂಕಿಗೂ ಲೋಹಕ್ಕೂ ನಡುವೆ ತೆಳುವಾದೊಂದು ತೆರೆ ಹಾಸುತ್ತದೆ.

ದ್ವಿತೀಯಾರ್ಧವೇ ಗುಟ್ಟು. ಲೋಹ ಸಾಮಾನ್ಯವಾಗಿ ಆರಿ ಗಟ್ಟಿಯಾಗುವಾಗ ಪುಡಿಸಕ್ಕರೆಯಂತೆ ಸಾವಿರಾರು ಹರಳುಗಳಾಗುತ್ತದೆ. ಹರಳು ಹರಳಿನ ನಡುವಣ ಗಡಿಯೇ ದುರ್ಬಲ ಸ್ಥಾನ. ಶಾಖ ಮತ್ತು ಸೆಳೆತಕ್ಕೆ ಸಿಕ್ಕಾಗ ಬಿರುಕು ಅಲ್ಲಿಂದ ಹೊರಡುತ್ತದೆ. ಇಡೀ ಅಲಗು ಕಲ್ಲುಸಕ್ಕರೆಯ ತುಂಡಿನಂತೆ ಒಂದೇ ಹರಳಾದರೆ ಗಡಿಯೇ ಇರುವುದಿಲ್ಲ. ಅದಕ್ಕಾಗಿ ಅಚ್ಚನ್ನು ನೀರಿನಿಂದ ತಣಿಸಿದ ತಾಮ್ರದ ತಟ್ಟೆಯ ಮೇಲಿರಿಸಿ, ಗಾಳಿಯಿಲ್ಲದ ಕುಲುಮೆಯಿಂದ ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಕೆಳಕ್ಕೆ ಇಳಿಸುತ್ತಾರೆ. ಬುಡದಲ್ಲಿ ಹಲವು ಹರಳುಗಳು ಹುಟ್ಟುತ್ತವೆ. ಅವು ಏರಬೇಕಾದ ದಾರಿಯಲ್ಲಿ ಸುರುಳಿಯಾದ ಒಂದು ಕಿರಿದು ಓಣಿಯಿದೆ. ಅಲ್ಲಿ ನುಸುಳಿ ಹೊರಬರುವುದು ಒಂದೇ ಹರಳು. ಅದೇ ಬೆಳೆದು ಅಲಗನ್ನೆಲ್ಲ ತುಂಬುತ್ತದೆ.

ಕುಲುಮೆಯ ಶಾಖ ಒಂದಿಷ್ಟು ಏರುಪೇರಾದರೆ, ಇಳಿಸುವ ವೇಗ ತಪ್ಪಿದರೆ, ಎಲ್ಲೋ ಒಂದು ಮೂಲೆಯಲ್ಲಿ ಅನ್ಯ ಹರಳೊಂದು ಹುಟ್ಟಿಬಿಡುತ್ತದೆ. ಒಳಗಿನ ಪಿಂಗಾಣಿಯ ಎಳೆ ಕೂದಲಿನಷ್ಟು ಸರಿದರೂ ಅಲಗಿನ ಗೋಡೆ ಒಂದು ಪಕ್ಕ ತೆಳುವಾಗುತ್ತದೆ. ಬರಿಗಣ್ಣಿಗೆ ಎರಡೂ ಕಾಣವು. ಅಲಗನ್ನು ಆಮ್ಲದಲ್ಲಿ ಅದ್ದಿದರೆ ಅನ್ಯ ಹರಳು ಬೇರೊಂದು ಹೊಳಪಿನ ಕಲೆಯಾಗಿ ಎದ್ದು ಕಾಣುತ್ತದೆ. ಗೋಡೆಯ ದಪ್ಪವನ್ನು ಕ್ಷ-ಕಿರಣವೇ ಮೊದಲಾದ ಉಪಾಯಗಳಿಂದ ಅಳೆಯಬೇಕು. ದೋಷವಿದ್ದದ್ದು ಗುಜರಿಗೆ. ಹೊಸಬರ ಕುಲುಮೆಯಲ್ಲಿ ಒಳ್ಳೆಯ ಅಲಗಿಗಿಂತ ಗುಜರಿಯೇ ಹೆಚ್ಚು. ಯಾವ ಶಾಖ, ಯಾವ ವೇಗ ಎಂಬುದನ್ನು ಈ ಗುಜರಿಯ ರಾಶಿಯೇ ಕಲಿಸುವುದು. ಯಾವ ದೇಶವೂ ಮತ್ತೊಂದು ದೇಶಕ್ಕೆ ಅದನ್ನು ಸುಲಭವಾಗಿ ಮಾರುವುದಿಲ್ಲ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಈ ವಿದ್ಯೆಯನ್ನು ಸಾಧಿಸಿ, ಹೆಲಿಕಾಪ್ಟರ್ ಎಂಜಿನಿಗಾಗಿ 60 ಏಕಹರಳಿನ ಅಲಗುಗಳನ್ನು ಬೆಂಗಳೂರಿನ ಕಾರ್ಖಾನೆಗೆ ಒಪ್ಪಿಸಿದ್ದು 2021ರಲ್ಲಿ.

ಕಾವೇರಿಯ ಪ್ರಯಾಣ

ಮಾರುತದ ಕಥೆ ಮರುಕಳಿಸಬಾರದೆಂದು, ತೇಜಸ್ ವಿಮಾನದ ಯೋಜನೆಯ ಜೊತೆಗೆ ಎಂಜಿನನ್ನೂ ಇಲ್ಲಿಯೇ ಮಾಡಬೇಕೆಂದು ಸರ್ಕಾರ ನಿಶ್ಚಯಿಸಿತು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ 1989ರಲ್ಲಿ ಸುಮಾರು 383 ಕೋಟಿ ರೂಪಾಯಿ ಮಂಜೂರಾಯಿತು. ಎಂಜಿನಿಗೆ ನಮ್ಮ ನದಿಯ ಹೆಸರಿಟ್ಟರು: ಕಾವೇರಿ. ಗುರಿ ಸುಮಾರು 8,260 ಕಿಲೋಗ್ರಾಮಿನ ನೂಕುಬಲ, ಎಂಜಿನಿನ ತೂಕ 1,100 ಕಿಲೋಗ್ರಾಮ್. ಎಷ್ಟೋ ವರ್ಷಗಳ ದುಡಿಮೆಯ ನಂತರ ಸಿಕ್ಕಿದ್ದು ಸುಮಾರು 7,180 ಕಿಲೋಗ್ರಾಮಿನ ಬಲ. ತೂಕವೋ 1,235ಕ್ಕೆ ಏರಿತ್ತು. ಬಲ ಕಡಿಮೆ, ಭಾರ ಹೆಚ್ಚು. ಯುದ್ಧವಿಮಾನಕ್ಕೆ ಈ ಎರಡರಲ್ಲಿ ಒಂದೇ ಸಾಕು ಹೊರಗುಳಿಯಲು. 2008ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಿದರು. ಅಷ್ಟರಲ್ಲಿ ಅಂದಾಜು ವೆಚ್ಚ 2,800 ಕೋಟಿಯನ್ನು ದಾಟಿತ್ತು.

ಎಡವಿದ್ದೆಲ್ಲಿ? ಅಲಗಿನ ಲೋಹವಿದ್ಯೆಯ ಮಾತು ಆಗಲೇ ಬಂತು. ಇನ್ನೊಂದು ಕಾರಣ ಯಾರ ಗಮನಕ್ಕೂ ಬಾರದಂಥದು: ಪರೀಕ್ಷಾಲಯ. ನೆಲದ ಮೇಲೆ ಚೆನ್ನಾಗಿ ಓಡಿದ ಎಂಜಿನ್, ಗಾಳಿ ವಿರಳವಾದ, ಮೈಕೊರೆವ ಚಳಿಯ ಎತ್ತರದಲ್ಲಿ ಉಸಿರು ಕಟ್ಟಿ ನಿಲ್ಲಬಹುದು. ಆ ಎತ್ತರದ ವಾತಾವರಣವನ್ನು ನೆಲದಲ್ಲೇ ಸೃಷ್ಟಿಸುವ ದೊಡ್ಡ ಕೋಣೆ ಭಾರತದಲ್ಲಿರಲಿಲ್ಲ. ಎಂಜಿನನ್ನು ಕಟ್ಟಿಕೊಂಡು ಹಾರುವ ಪರೀಕ್ಷಾವಿಮಾನವೂ ಇರಲಿಲ್ಲ. ಕಾವೇರಿಯನ್ನು ಪೆಟ್ಟಿಗೆಯಲ್ಲಿ ತುಂಬಿ ರಷ್ಯಕ್ಕೆ ಒಯ್ಯಬೇಕಾಯಿತು. 2004ರ ಅಲ್ಲಿನ ಪರೀಕ್ಷೆಯಲ್ಲಿ ಅದು ಸೋತಿತು. 2010ರಲ್ಲಿ ಇಲ್ಯುಷಿನ್-76 ವಿಮಾನದ ರೆಕ್ಕೆಯ ಕೆಳಗೆ ಜೋಡಿಸಿಕೊಂಡು ಗೆಲುವಾಗಿ ಹಾರಿತು. ಪರೀಕ್ಷೆಯ ಕೋಣೆ ಮನೆಯಲ್ಲಿದ್ದವನು ಇಂದು ಮುರಿದದ್ದನ್ನು ತಿದ್ದಿ ಕೆಲವೇ ವಾರಗಳಲ್ಲಿ ಮತ್ತೆ ಪರೀಕ್ಷಿಸುತ್ತಾನೆ. ಪರದೇಶಕ್ಕೆ ಹೋಗಬೇಕಾದವನು ಅವರ ಸರದಿ ಬರುವವರೆಗೆ ಕಾಯಬೇಕು. ಹೀಗೆ ಒಂದೊಂದು ತಪ್ಪಿಗೂ ಕಾಲದ ದಂಡ ತೆತ್ತು ಕಾವೇರಿ ಹಿಂದೆ ಬಿತ್ತು. ರೀಹೀಟ್ ಇಲ್ಲದ ಅದರ ರೂಪವೊಂದನ್ನು ಚಾಲಕರಹಿತ ವಿಮಾನಕ್ಕಾಗಿ ಬೆಳೆಸುವ ಕೆಲಸ ಮುಂದುವರಿಯಿತು.

ಅತ್ತ ತೇಜಸ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಎಫ್-404 ಎಂಜಿನಿನಿಂದ 2001ರ ಜನವರಿ 4ರಂದು ಹಾರಿತು. ಇದಕ್ಕೆ ಮುಂಚಿನ ಒಂದು ಪ್ರಸಂಗ ಹೇಳಲೇಬೇಕು. ವಿಮಾನವನ್ನು ಗಣಕಯಂತ್ರದ ಮೂಲಕ ಹತೋಟಿಯಲ್ಲಿಡುವ ವ್ಯವಸ್ಥೆಯ ಕೆಲಸಕ್ಕಾಗಿ ನಮ್ಮ ಎಂಜಿನಿಯರರು ಅಮೆರಿಕದಲ್ಲಿದ್ದರು. 1998ರ ಮೇ ತಿಂಗಳಲ್ಲಿ ಪೋಖರಣದ ಅಣುಪರೀಕ್ಷೆ ನಡೆಯಿತು. ಅಮೆರಿಕ ನಿರ್ಬಂಧ ಹೇರಿ ಅವರನ್ನು ಮನೆಗೆ ಕಳುಹಿಸಿತು. ಸಲಕರಣೆಗಳು ಅಲ್ಲಿಯೇ ಉಳಿದವು. ಬೆಂಗಳೂರಿನಲ್ಲಿ ಕುಳಿತು ಆ ಕೆಲಸವನ್ನು ಅವರು ತಾವೇ ಮುಗಿಸಿದರು. ಕೈಯಲ್ಲಿ ಹದವಿದ್ದವರು ಚೀಟಿ ಕಸಿದುಕೊಂಡರೂ ಅಡಿಗೆ ಮಾಡಬಲ್ಲರು. ಅದೇ ನಿರ್ಬಂಧದ ದಿನಗಳಲ್ಲಿ ಎಂಜಿನಿನ ವಿಷಯದಲ್ಲಿ ಹಾಗೆ ಮಾಡಲಾಗುತ್ತಿರಲಿಲ್ಲ. ಮೊದಲೇ ತರಿಸಿಟ್ಟಿದ್ದ ಎಂಜಿನುಗಳಿದ್ದುದರಿಂದ ತೇಜಸ್ ಹಾರಿತು.

ಸ್ವೀಡನ್ನಿನ ಲೆಕ್ಕಾಚಾರ

ಇದು ನಮ್ಮೊಬ್ಬರ ಪಾಡೆಂದು ತಿಳಿಯಬಾರದು. ಸ್ವೀಡನ್ ಅಚ್ಚುಕಟ್ಟಾದ ಯುದ್ಧವಿಮಾನಗಳನ್ನು ಮಾಡುವ ಪುಟ್ಟ ದೇಶ. ಎಂಜಿನಿಗೆ ತಗಲುವ ಖರ್ಚನ್ನೂ ಕಾಲವನ್ನೂ ಲೆಕ್ಕ ಹಾಕಿ, ಅವರು ಅದನ್ನು ಮೊದಲಿನಿಂದ ಮಾಡಹೋಗಲಿಲ್ಲ. ಅಮೆರಿಕದ ಪ್ರಯಾಣಿಕ ವಿಮಾನವೊಂದರ ಎಂಜಿನನ್ನು ಪರವಾನಗಿಯ ಮೇಲೆ ಪಡೆದು, ತಮ್ಮ ವಿಗ್ಗೆನ್ ವಿಮಾನಕ್ಕೆ ತಕ್ಕಂತೆ ತಾವೇ ಮಾರ್ಪಡಿಸಿಕೊಂಡರು. ಬುದ್ಧಿವಂತಿಕೆಯ ದಾರಿಯೇ, ಆದರೆ ಅದಕ್ಕೂ ಒಂದು ಬೆಲೆಯಿತ್ತು. ವಿಗ್ಗೆನ್ನನ್ನು ಭಾರತಕ್ಕೆ ಮಾರಬೇಕೆಂದಾಗ, ಅದರೊಳಗೆ ನಮ್ಮ ಎಂಜಿನಿದೆ, ಮಾರಕೂಡದು ಎಂದು ಅಮೆರಿಕ 1978ರಲ್ಲಿ ತಡೆಯಿತು. ಭಾರತ ಆ ವರ್ಷ ಜಾಗ್ವಾರನ್ನು ಆರಿಸಿಕೊಂಡಿತು. ಒಂದು ಬಿಡಿಭಾಗವನ್ನು ಒದಗಿಸುವವನು ಇಡೀ ವಿಮಾನದ ವ್ಯಾಪಾರಕ್ಕೆ ಬೀಗ ಹಾಕಬಲ್ಲನೆಂಬುದು ಸ್ವೀಡನ್ನಿಗೂ ನಮಗೂ ಒಂದೇ ದಿನ ತಿಳಿಯಿತು.

ಆದ್ದರಿಂದ ಪತ್ರಿಕೆಯಲ್ಲಿ “ಇಷ್ಟು ಪಾಲು ಸ್ವದೇಶಿ” ಎಂಬ ಸುದ್ದಿ ಬಂದಾಗ, ಯಾವ ಲೆಕ್ಕದಲ್ಲಿ ಎಂದು ಕೇಳುವುದು ಲೇಸು. ತೇಜಸ್ಸಿನ ಬಗ್ಗೆ ಸರ್ಕಾರ 2016ರಲ್ಲಿ ಸಂಸತ್ತಿಗೆ ತಿಳಿಸಿದಂತೆ, ಭಾಗಗಳನ್ನು ಎಣಿಸಿದರೆ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಸ್ವದೇಶಿ. ಬೆಲೆಯಿಂದ ಅಳೆದರೆ ಅದು ಅರುವತ್ತರ ಆಸುಪಾಸು. ಎರಡೂ ನಿಜವೇ. ಸಾವಿರ ಮೊಳೆಗಳೂ ಒಂದು ಎಂಜಿನೂ ಎಣಿಕೆಯಲ್ಲಿ ಒಂದು ತೂಗುತ್ತವೆ, ಬೆಲೆಯಲ್ಲಿ ಮತ್ತೊಂದು. ಈ ಎರಡು ಲೆಕ್ಕಗಳಿಗೂ ಸಿಗದ ಮೂರನೆಯದೊಂದಿದೆ: ಯಾವ ಭಾಗ ಬಾರದಿದ್ದರೆ ವಿಮಾನ ನೆಲದಲ್ಲೇ ನಿಲ್ಲುತ್ತದೆ?

ಅದಕ್ಕೆ ಉತ್ತರ ಈಚೆಗಷ್ಟೇ ದೊರೆತಿದೆ. 2021ರಲ್ಲಿ ವಾಯುಪಡೆ ಸುಧಾರಿಸಿದ ಮಾದರಿಯ 83 ತೇಜಸ್ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಅವಕ್ಕಾಗಿ 99 ಎಂಜಿನುಗಳಿಗೆ ಅದೇ ವರ್ಷ ಜನರಲ್ ಎಲೆಕ್ಟ್ರಿಕ್ ಕಂಪೆನಿಯೊಡನೆ ಒಪ್ಪಂದವಾಯಿತು. ಆದರೆ ಆ ಎಂಜಿನಿಗೆ ಬೇರೆ ಗಿರಾಕಿಗಳಿಲ್ಲದೆ ಕಂಪೆನಿ ಅದರ ತಯಾರಿಕೆಯನ್ನು ಕೆಲವು ವರ್ಷಗಳಿಂದ ನಿಲ್ಲಿಸಿಬಿಟ್ಟಿತ್ತು. ಬಿಡಿಭಾಗ ಒದಗಿಸುತ್ತಿದ್ದವರನ್ನೆಲ್ಲ ಮತ್ತೆ ಕೂಡಿಸಬೇಕಾಯಿತು. ಈ ಸಲ ಯಾರ ನಿರ್ಬಂಧವೂ ಇರಲಿಲ್ಲ, ಯಾರ ಹಗೆತನವೂ ಇರಲಿಲ್ಲ. ಹೊಸ ಮಾದರಿಯ ಮೊದಲ ವಿಮಾನ 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಹಾರಿತು, ಹಳೆಯ ದಾಸ್ತಾನಿನ ಒಂದು ಎಂಜಿನಿನಿಂದ. ಆ 99ರಲ್ಲಿ ಮೊದಲನೆಯದು ಕಂಪೆನಿಯಿಂದ ಹೊರಬಿದ್ದದ್ದು ಅದಕ್ಕೆ ಒಂದು ವರ್ಷದ ಮೇಲೆ, 2025ರ ಮಾರ್ಚಿನಲ್ಲಿ.